ಶಾಲೆಯ ‘ಬಲಿ’ ಸೇರಿದ ಮಕ್ಕಳು

ಕರಡಿನ ಮೊದಲ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಸಂಪಾದಕಿಯ’ ಎಂದಿತ್ತು. ಕೆಳಗೆ ಕನ್ನಡ ಮೇಷ್ಟ್ರ ಹೆಸರು. ನಾನು ‘ಕಿ’ಗೆ ಸುತ್ತು ಹಾಕಿ ಅಂಚಿನಲ್ಲಿ ‘ಕೀ’ ಎಂದು ಬರೆದೆ. ಮೇಷ್ಟ್ರು ಬಗ್ಗಿ ನೋಡಿ, “ಒಂದು ದೀರ್ಘ ಬಿಟ್ಟಿದ್ದಕ್ಕೆ ನನ್ನನ್ನೇ ಹೆಂಗಸು ಮಾಡಿಬಿಟ್ಟರಲ್ಲ ಸಾರ್” ಎಂದು ನಕ್ಕರು. ಅವರು ಹೇಳಿದ್ದು ತಮಾಷೆಗಾದರೂ ಅದು ಅಪ್ಪಟ ವ್ಯಾಕರಣ. ಸಂಪಾದಕಿ ಎಂದರೆ ಪತ್ರಿಕೆ ನಡೆಸುವ ಹೆಂಗಸು. ‘ಸಂಪಾದಕಿಯ’ ಎಂದರೆ ಆಕೆಗೆ ಸೇರಿದ್ದು. ‘ಸಂಪಾದಕೀಯ’ ಎಂದರೆ ಮಾತ್ರ ಸಂಪಾದಕರ ಬರಹ.

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ವಾರ್ಷಿಕ ಸಂಚಿಕೆಗೆ ಕರಡು ತಿದ್ದಿಕೊಡಲು ನನ್ನನ್ನು ಕರೆದಿದ್ದರು. ಹಳೇ ವಿದ್ಯಾರ್ಥಿ, ಪತ್ರಿಕೆಗಳಿಗೆ ಬರೆಯುವವನು, ಕೇಳಿದರೆ ಇಲ್ಲ ಎನ್ನುವವನಲ್ಲ. ಅಷ್ಟು ಅರ್ಹತೆ ಸಾಕಾಗಿತ್ತು. ಎರಡು ಭಾನುವಾರ ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ಹಿಡಿದು ಕೂತೆ. ಮಕ್ಕಳ ಕಾಗುಣಿತದ ತಪ್ಪು ಎಂದರೆ ಅಜಾಗರೂಕತೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಕೂತು ನೋಡಿದರೆ ಹೆಚ್ಚಿನ ತಪ್ಪುಗಳ ಹಿಂದೆ ಒಂದೊಂದು ಕಾರಣವಿತ್ತು. ಆ ಕಾರಣ ಸಿಕ್ಕರೆ ತಿದ್ದುವುದೂ ಸುಲಭ, ಮಗುವಿಗೆ ಹೇಳಿಕೊಡುವುದೂ ಸುಲಭ.

ಎಂಟನೇ ತರಗತಿಯ ಹುಡುಗನೊಬ್ಬನ ಪ್ರವಾಸ ಲೇಖನ ಹೀಗೆ ಶುರುವಾಗುತ್ತಿತ್ತು:

“ಕಳೆದ ನವೆಂಬರ್‌ನಲ್ಲಿ ನಾವು ಬೆಲೂರು ಮತ್ತು ಹಳೇಬಿಡಿಗೆ ಪ್ರವಾಸ ಹೋಗಿದ್ದೆವು. ಬೆಳಿಗ್ಗೆ ಐದು ಗಂಟೆಗೆ ಎಲ್ಲರು ಶಾಲೆಯ ಬಲಿ ಸೇರಿದೆವು. ಮಳೆ ಬಂದರು ಯಾರು ಮನೆಗೆ ಹೋಗಲಿಲ್ಲ. ಬಸ್ಸಿನಲ್ಲಿ ನಮ್ಮ ವಿಧ್ಯಾರ್ಥಿ ನಾಯಕ ಹಾಡು ಹೇಳಿದ. ಮದ್ಯಾಹ್ನ ಬುತ್ತಿ ಬಿಚ್ಚಿದೆವು. ಕರೆದುಕೊಂಡು ಹೋದ ಶಿಕ್ಷಕರಿಗೆ ದನ್ಯವಾದಗಳು.”

ಒಂಬತ್ತು ತಪ್ಪು. ಬೆಲೂರು, ಹಳೇಬಿಡು, ವಿಧ್ಯಾರ್ಥಿ, ಮದ್ಯಾಹ್ನ, ದನ್ಯವಾದ ಎಂಬ ಐದು ತಪ್ಪುಗಳು ಕಣ್ಣಿಗೆ ತಾವಾಗಿಯೇ ಚುಚ್ಚುತ್ತವೆ. ಆ ರೂಪದ ಪದಗಳು ಕನ್ನಡದಲ್ಲಿಲ್ಲ. ಉಳಿದ ನಾಲ್ಕು ಬೇರೆ ಜಾತಿಯವು. ಎಲ್ಲರು, ಬಲಿ, ಬಂದರು, ಯಾರು: ಇವೆಲ್ಲ ಕನ್ನಡದ ಸರಿಯಾದ ಪದಗಳೇ, ಇಲ್ಲಿ ಬರಬೇಕಾದ ಪದಗಳಲ್ಲ ಅಷ್ಟೇ. ಕಂಪ್ಯೂಟರಿನ ಪದಪರೀಕ್ಷಕ ಇವುಗಳಿಗೆ ಕೆಂಪು ಗೆರೆ ಎಳೆಯುವುದಿಲ್ಲ. ವೇಗವಾಗಿ ಓದುವ ಕಣ್ಣೂ ಇವನ್ನು ದಾಟಿಕೊಂಡು ಹೋಗುತ್ತದೆ. ಕರಡು ತಿದ್ದುವವನು ಮೈಯೆಲ್ಲ ಕಣ್ಣಾಗಿರಬೇಕಾದದ್ದು ಇಂಥ ಕಡೆಯೇ, ಆದ್ದರಿಂದ ಇವನ್ನೇ ಮೊದಲು ನೋಡೋಣ.

ಹುಡುಗನನ್ನು ಕರೆದು ಅವನ ವಾಕ್ಯವನ್ನು ಅವನೇ ಗಟ್ಟಿಯಾಗಿ ಓದಲಿ ಎಂದೆ. “ಮಳೆ ಬಂದರೂ ಯಾರೂ ಮನೆಗೆ ಹೋಗಲಿಲ್ಲ” ಎಂದು ಸಲೀಸಾಗಿ ಓದಿದ. ಬಾಯಲ್ಲಿ ದೀರ್ಘ ಸರಿಯಾಗಿಯೇ ಇತ್ತು, ಕೈಗೆ ಇಳಿದಿರಲಿಲ್ಲ. ಪದದ ನಡುವಿನ ದೀರ್ಘವನ್ನು ಮಕ್ಕಳು ಅಷ್ಟಾಗಿ ಬಿಡುವುದಿಲ್ಲ; ‘ಹಾಡು’ ಎನ್ನುವುದನ್ನು ‘ಹಡು’ ಎಂದು ಬರೆದವರು ನನಗೆ ಒಬ್ಬರೂ ಸಿಗಲಿಲ್ಲ. ಪದದ ತುದಿಗೆ ಬಂದಾಗ ಮಾತ್ರ ಪೆನ್ನು ಅವಸರಪಟ್ಟು ಕೊಂಬು ಹಾಕಿ ಮುಂದೆ ಹೋಗಿಬಿಡುತ್ತದೆ. ಕೊಂಬಿನ ಇಳಿ ಹಾಕುವಷ್ಟು ವ್ಯವಧಾನ ಇರುವುದಿಲ್ಲ.

ಕನ್ನಡದಲ್ಲಿ ತುದಿಯ ಈ ‘ಊ’ ಸುಮ್ಮನೆ ಎಳೆದ ಸ್ವರವಲ್ಲ, ಅದಕ್ಕೇ ಒಂದು ಅರ್ಥವಿದೆ. ‘ನಾನು ಬರುತ್ತೇನೆ’ ಎಂದರೆ ನಾನು. ‘ನಾನೂ ಬರುತ್ತೇನೆ’ ಎಂದರೆ ಬೇರೆಯವರ ಜೊತೆಗೆ ನಾನು ಕೂಡ. ‘ಯಾರು ಬಂದಿಲ್ಲ’ ಎಂದರೆ ಹಾಜರಿ ಕರೆಯುವ ಮೇಷ್ಟ್ರ ಪ್ರಶ್ನೆ. ‘ಯಾರೂ ಬಂದಿಲ್ಲ’ ಎಂದರೆ ತರಗತಿ ಖಾಲಿ. ‘ಗುರುಗಳು ಬಂದರು’ ಎಂಬಲ್ಲಿಗೆ ಮಾತು ಮುಗಿಯಿತು. ‘ಗುರುಗಳು ಬಂದರೂ’ ಎಂದರೆ ಮಾತು ಇನ್ನೂ ಬಾಕಿ ಇದೆ, ಬಂದರೂ ಗಲಾಟೆ ನಿಲ್ಲಲಿಲ್ಲವೋ ಏನೋ. ‘ಇನ್ನು’ ಮತ್ತು ‘ಇನ್ನೂ’ ಕೂಡ ಹೀಗೆಯೇ. ‘ಇನ್ನು ಊಟ ಮಾಡೋಣ’ ಎಂದರೆ ಇನ್ನು ಮುಂದಿನ ಕೆಲಸ ಅದು. ‘ಇನ್ನೂ ಊಟ ಆಗಿಲ್ಲ’ ಎಂದರೆ ಈವರೆಗೆ ಆಗಿಲ್ಲ.

ಪರೀಕ್ಷೆ ಸರಳ. ಆ ಪದದ ಮುಂದೆ ‘ಕೂಡ’ ಸೇರಿಸಿ ನೋಡಬೇಕು. ‘ಮಳೆ ಬಂದರೂ ಕೂಡ’ ಎಂದು ಹೊಂದಿಕೊಂಡರೆ ದೀರ್ಘ. ಯಾರು, ಏನು, ಎಂದು ಇಂಥ ಪ್ರಶ್ನೆಯ ಪದವಿದ್ದು ವಾಕ್ಯದ ಕೊನೆಗೆ ‘ಇಲ್ಲ’ ಬಂದರೆ, ಮತ್ತು ಅದು ಪ್ರಶ್ನೆ ಅಲ್ಲದಿದ್ದರೆ, ಆಗಲೂ ದೀರ್ಘವೇ. ‘ಎಲ್ಲರು’ ಎಂಬುದು ಬರವಣಿಗೆಯಲ್ಲಿ ಆಗೀಗ ಕಾಣುವ ರೂಪ, ಅದನ್ನು ಶುದ್ಧ ತಪ್ಪು ಎನ್ನಲಾರೆ. ಆದರೂ ಒಬ್ಬರನ್ನೂ ಬಿಡದೆ ಎಲ್ಲ ಮಕ್ಕಳೂ ಸೇರಿದರು ಎನ್ನುವಾಗ ‘ಎಲ್ಲರೂ’ ಎಂದೇ ಆಗಬೇಕು.

ಸಂಪಾದಕೀಯದ ದೀರ್ಘಕ್ಕೆ ಬೇರೆ ಪರೀಕ್ಷೆ ಬೇಕು. ಸಂಸ್ಕೃತದಿಂದ ಬಂದ, ‘ಈಯ’ ಎಂದು ಮುಗಿಯುವ ಪದಗಳು ಶಾಲೆಯ ಸಂಚಿಕೆಯಲ್ಲಿ ತುಂಬಿರುತ್ತವೆ: ರಾಷ್ಟ್ರೀಯ ಹಬ್ಬ, ದ್ವಿತೀಯ ಬಹುಮಾನ, ಸ್ಥಳೀಯ ದಾನಿಗಳು, ಆತ್ಮೀಯ ಸನ್ಮಾನ. ಇದರ ಪಕ್ಕದಲ್ಲೇ ಕನ್ನಡದ ಷಷ್ಠಿ ವಿಭಕ್ತಿಯೂ ಇದೆ: ಹಳ್ಳಿಯ, ಭೂಮಿಯ, ಸಮಿತಿಯ. ಇಲ್ಲಿ ‘ಇ’ ಹ್ರಸ್ವ. ಮಾತಿನಲ್ಲಿ ಎರಡೂ ಒಂದೇ ಥರ ಉರುಳುವುದರಿಂದ ಗೊಂದಲ. ತುದಿಯ ‘ಯ’ ತೆಗೆದು ನೋಡಿ: ‘ಹಳ್ಳಿ’, ‘ಸಮಿತಿ’ ಎಂದು ಅದೇ ಅರ್ಥದ ಪದ ಉಳಿದರೆ ಹ್ರಸ್ವ. ‘ದ್ವಿತಿ’, ‘ಸ್ಥಳಿ’ ಎಂದು ಅರ್ಥವಿಲ್ಲದ ತುಂಡು ಉಳಿದರೆ ದೀರ್ಘ. ‘ಅದೇ ಅರ್ಥದ’ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಭಾರತಿ ಎಂಬ ಹುಡುಗಿಯ ಪುಸ್ತಕ ‘ಭಾರತಿಯ ಪುಸ್ತಕ’. ಭಾರತ ದೇಶಕ್ಕೆ ಸೇರಿದ್ದು ‘ಭಾರತೀಯ ಪುಸ್ತಕ’. ಪ್ರಿಯ, ಕ್ಷತ್ರಿಯ, ಇಂದ್ರಿಯ ಮುಂತಾದವು ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ. ಅವು ಹ್ರಸ್ವ ಎಂದು ನೆನಪಿಟ್ಟುಕೊಳ್ಳುವುದೇ ದಾರಿ.

ಈಗ ‘ಬಲಿ’. ಐವತ್ತು ಮಕ್ಕಳು ಬೆಳಿಗ್ಗೆ ಐದು ಗಂಟೆಗೆ ಶಾಲೆಯ ಬಲಿ ಸೇರಿದರು ಎಂದು ಅಚ್ಚಾಗಿದ್ದರೆ ಏನು ಗತಿ! ಲ ಮತ್ತು ಳ ಕಿವಿಗೆ ಹತ್ತಿರದವು, ನಾಲಗೆಗೆ ದೂರದವು. ‘ಲ’ ಹೇಳುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಬುಡಕ್ಕೆ ತಾಗುತ್ತದೆ. ‘ಳ’ ಹೇಳುವಾಗ ತುದಿ ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗುತ್ತದೆ. ನ ಮತ್ತು ಣ ನಡುವೆಯೂ ಇದೇ ವ್ಯತ್ಯಾಸ. ಹುಲಿ–ಹುಳಿ, ಹಲ್ಲಿ–ಹಳ್ಳಿ, ಕೊಲೆ–ಕೊಳೆ, ಅನ್ನ–ಅಣ್ಣ ಎಂದು ನಿಧಾನವಾಗಿ ಹೇಳಿಸಿದರೆ ಮಗುವಿಗೇ ಗೊತ್ತಾಗುತ್ತದೆ. ಆದರೆ ಎಲ್ಲ ಮಕ್ಕಳಿಗೂ ಇದು ನಡೆಯುವುದಿಲ್ಲ. ಮನೆಮಾತು ಉರ್ದು ಆಗಿರುವ ಮಗುವಿನ ನಾಲಗೆಗೆ ‘ಳ’ ಮನೆಯಲ್ಲಿ ಸಿಕ್ಕೇ ಇಲ್ಲ, ಆ ಭಾಷೆಯಲ್ಲಿ ಆ ಧ್ವನಿ ಇಲ್ಲ. ಅಂಥ ಮಗುವಿಗೆ ‘ಕೇಳಿ ಬರಿ’ ಎಂದು ಗದರುವುದು ಅನ್ಯಾಯ. ಅವರಿಗೆ ಪದವನ್ನು ಕಣ್ಣಿನಿಂದ ಕಲಿಸಬೇಕು: ಬಳಿ, ಮಳೆ, ಬೆಳೆ, ಒಳಗೆ, ಕೆಳಗೆ ಇಂಥ ನಿತ್ಯದ ಪದಗಳನ್ನು ಬರೆಸಿ ಬರೆಸಿ.

ನಮ್ಮ ಕಡೆಯ ತೊಂದರೆ ಬೇರೆ. ಹಳೇ ಮೈಸೂರಿನ ಮಾತಿನಲ್ಲಿ ಪದದ ಮೊದಲ ‘ಹ’ ಬಿದ್ದುಹೋಗುತ್ತದೆ. ಹಾಲು ‘ಆಲು’ ಆಗುತ್ತದೆ, ಹಕ್ಕಿ ‘ಅಕ್ಕಿ’ ಆಗುತ್ತದೆ. ಮೇಷ್ಟ್ರು ಗದರಿ ಗದರಿ ತಿದ್ದಿದ ಮೇಲೆ ಮಗು ಹೆದರಿ ಇಲ್ಲದ ಕಡೆಯೂ ‘ಹ’ ಸೇರಿಸಲು ಶುರುಮಾಡುತ್ತದೆ. ಈ ಸಂಚಿಕೆಯಲ್ಲೇ ಒಬ್ಬಳು ‘ಹಾಡಳಿತ ಮಂಡಳಿ’ ಎಂದು ಬರೆದಿದ್ದಳು. ಹಾಡುವವರ ಮಂಡಳಿ ಎಂದು ಓದಿಕೊಂಡರೆ ತಪ್ಪಿಲ್ಲ, ಆದರೆ ಆಕೆ ಹೇಳಲು ಹೊರಟದ್ದು ಆಡಳಿತ ಮಂಡಳಿಯ ಬಗ್ಗೆ.

ಊರ ಹೆಸರುಗಳಿಗೆ ಅರ್ಥವೇ ಕಾವಲು. ಹಳೇಬೀಡು ಎಂದರೆ ಹಳೆಯ ಬೀಡು, ಅಂದರೆ ರಾಜರ ಹಳೆಯ ನೆಲೆ. ಹೊಯ್ಸಳರ ದ್ವಾರಸಮುದ್ರ ಹಾಳಾದ ಮೇಲೆ ಉಳಿದ ಹೆಸರು ಅದು. ‘ಬಿಡು’ ಎಂದರೆ ಕೈಬಿಡು. ಬೇಲೂರಿಗೆ ಹಿಂದೆ ವೇಲಾಪುರಿ ಎಂಬ ಹೆಸರಿತ್ತು. ಅಲ್ಲಿಯ ‘ವೇ’ ನೆನಪಿದ್ದರೆ ‘ಬೇ’ ಮರೆಯುವುದಿಲ್ಲ. ಹುಡುಗನಿಗೆ ಇಷ್ಟು ಹೇಳಿದೆ. “ಹಂಗಾದ್ರೆ ಬೆಳಗೊಳ?” ಎಂದು ಅವನೇ ಕೇಳಿದ. ಬೆಳ್ ಎಂದರೆ ಬಿಳಿ, ಅದಕ್ಕೆ ಕೊಳ ಸೇರಿದೆ. ಆದ್ದರಿಂದ ಎರಡೂ ಕಡೆ ‘ಳ’, ‘ಗೊ’ ಹ್ರಸ್ವ. ಶ್ರವಣಬೆಳಗೊಳವನ್ನು ಅವನು ಇನ್ನು ತಪ್ಪಾಗಿ ಬರೆಯಲಾರ ಎಂದುಕೊಂಡಿದ್ದೇನೆ.

ಇನ್ನು ಉಳಿದದ್ದು ವಿಧ್ಯಾರ್ಥಿ, ಮದ್ಯಾಹ್ನ, ದನ್ಯವಾದ. ಇವು ಅಲ್ಪಪ್ರಾಣ ಮಹಾಪ್ರಾಣಗಳ ಪಾಡು. ಧ, ಭ, ಢ, ಫ ಬರೆಯುವಾಗ ಅಕ್ಷರದ ಕೆಳಗೆ ಒಂದು ಸಣ್ಣ ಸೀಳುಗೆರೆ ಎಳೆಯುತ್ತೇವೆ. ನಮ್ಮ ಪ್ರೈಮರಿ ಮೇಷ್ಟ್ರು ಅದಕ್ಕೆ “ಹೊಟ್ಟೆ ಸೀಳು” ಎನ್ನುತ್ತಿದ್ದರು. ದಿನನಿತ್ಯದ ಮಾತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಹೊಟ್ಟೆ ಸೀಳದೆಯೇ ಮಾತಾಡುತ್ತೇವೆ. ‘ಧನ್ಯವಾದ’ವನ್ನು ‘ದನ್ಯವಾದ’ ಎಂದು ಬರೆದ ಹುಡುಗ ತನ್ನ ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಾನೆ.

ನನಗೆ ಕುತೂಹಲ ಹುಟ್ಟಿಸಿದ್ದು ‘ವಿಧ್ಯಾರ್ಥಿ’. ಇಲ್ಲಿ ಮಗು ಮಹಾಪ್ರಾಣ ಬಿಟ್ಟಿಲ್ಲ, ಒಂದನ್ನು ಹೆಚ್ಚಿಗೆ ಹಾಕಿದೆ. ಈ ಪದದಲ್ಲಿ ಎಲ್ಲೋ ಒಂದು ಹೊಟ್ಟೆ ಸೀಳಿದ ಅಕ್ಷರವಿದೆ ಎಂದು ಅದಕ್ಕೆ ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಇರಲಿ ಎಂದು ಎರಡೂ ಕಡೆ ಸೀಳಿದೆ. ‘ಸಂಬಂಧ’ ಎಂಬುದು ‘ಸಂಭಂದ’ ಆಗುವುದೂ ಹೀಗೆಯೇ, ಗೆರೆ ಒಂದು ಮನೆ ಹಿಂದಕ್ಕೆ ಸರಿಯುತ್ತದೆ. ಇದಕ್ಕೆ ಪದವನ್ನು ಬಿಡಿಸಿ ತೋರಿಸುವುದು ಒಳ್ಳೆಯ ಮದ್ದು. ವಿದ್ಯಾ ಮತ್ತು ಅರ್ಥಿ ಸೇರಿ ವಿದ್ಯಾರ್ಥಿ, ಅಂದರೆ ವಿದ್ಯೆಯನ್ನು ಬಯಸಿ ಬಂದವನು. ‘ವಿದ್ಯೆ’ಯಲ್ಲಿ ದ, ‘ಅರ್ಥ’ದಲ್ಲಿ ಥ. ವಿದ್ಯಾಲಯ, ವಿದ್ಯಾವಂತ, ವಿದ್ವಾಂಸ ಒಂದು ಕುಟುಂಬ, ಎಲ್ಲರಿಗೂ ದ. ಅಧ್ಯಾಯ, ಅಧ್ಯಯನ, ಉಪಾಧ್ಯಾಯ ಇನ್ನೊಂದು ಕುಟುಂಬ, ಎಲ್ಲರಿಗೂ ಧ. ಬಂಧು, ಸಂಬಂಧ, ಪ್ರಬಂಧ ಮತ್ತೊಂದು. ಒಂದು ಪದದ ಕಾಗುಣಿತ ಖಚಿತವಾದರೆ ಅದರ ನೆಂಟರದೂ ಖಚಿತ. ಮಧ್ಯಾಹ್ನ ಎಂದರೆ ಹಗಲಿನ ಮಧ್ಯ. ‘ಮದ್ಯ’ ಎಂದರೆ ಹೆಂಡ, ಅದನ್ನು ಶಾಲೆಯ ಬುತ್ತಿಯ ಜೊತೆ ಇಡುವುದು ಬೇಡ.

ಅನುಮಾನ ಬಂದಾಗ ಇನ್ನೊಂದು ಮಾತು ನೆನಪಿಡಬಹುದು. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ತೀರ ಅಪರೂಪ. ಹಾಗಾಗಿ ‘ಒಂಭತ್ತು’ ಎಂದು ಬರೆಯುವುದು ತಪ್ಪು. ಒಂಬತ್ತು ನಮ್ಮ ಮನೆಯ ಪದ, ಅದಕ್ಕೆ ಹೊಟ್ಟೆ ಸೀಳುವ ಅಗತ್ಯವಿಲ್ಲ. ಖಾಲಿ, ಖುಷಿ, ಖರ್ಚು ಮುಂತಾದವು ಹೊರಗಿಂದ ಬರುವಾಗಲೇ ಮಹಾಪ್ರಾಣ ಹೊತ್ತು ಬಂದವು. ಈ ಮಹಾಪ್ರಾಣಗಳೇ ಕನ್ನಡಕ್ಕೆ ಬೇಡ, ನುಡಿದಂತೆ ಬರೆಯೋಣ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿ, ತಮ್ಮ ಪುಸ್ತಕಗಳನ್ನು ಹಾಗೆಯೇ ಬರೆದರು. ಅವರ ವಾದದಲ್ಲಿ ತೂಕವಿದೆ. ಆದರೆ ಪರೀಕ್ಷೆಯಲ್ಲಿ ಅಂಕ ಕಳೆಯುವವರು ಅದನ್ನು ಒಪ್ಪುವವರೆಗೆ, ಹದಿಮೂರು ವರ್ಷದ ಹುಡುಗನ ಲೇಖನದಲ್ಲಿ ನಾನು ಆ ಪ್ರಯೋಗ ಮಾಡಲಾರೆ.

ಶ ಮತ್ತು ಷ ವಿಚಾರದಲ್ಲಿ ಕಿವಿ ಏನೇನೂ ಸಹಾಯ ಮಾಡದು, ಇವತ್ತು ಬಹುತೇಕ ಎಲ್ಲರ ಬಾಯಲ್ಲೂ ಎರಡೂ ಒಂದೇ. ಹದಿಮೂರನೇ ಶತಮಾನದ ಕೇಶಿರಾಜನೇ ಇವೆರಡನ್ನೂ ಅಚ್ಚಗನ್ನಡದ ಅಕ್ಷರಗಳ ಲೆಕ್ಕದಿಂದ ಹೊರಗಿಟ್ಟಿದ್ದ. ಕಣ್ಣಿಗೆ ಒಂದು ಆಸರೆ ಇದೆ: ಚ ಇದ್ದ ಕಡೆ ಶ ಬರುತ್ತದೆ (ಆಶ್ಚರ್ಯ, ನಿಶ್ಚಯ), ಟ ಠ ಣ ಇದ್ದ ಕಡೆ ಷ (ಕಷ್ಟ, ಕೃಷ್ಣ), ತ ಥ ಇದ್ದ ಕಡೆ ಸ (ಪುಸ್ತಕ, ಸ್ಥಳ). ಸ್ಟೇಷನ್, ಪೋಸ್ಟ್ ಮುಂತಾದ ಇಂಗ್ಲಿಷಿನ ಪದಗಳು ಇದಕ್ಕೆ ಬಗ್ಗುವುದಿಲ್ಲ. ಮುಖ್ಯೋಪಾಧ್ಯಾಯರ ವರದಿಯಲ್ಲೇ ‘ಕನಿಷ್ಟ’, ‘ಗರಿಷ್ಟ’ ಎಂದಿತ್ತು. ಅತಿ ಕಡಿಮೆ, ಅತಿ ಹೆಚ್ಚು, ಅತಿ ಒಳ್ಳೆಯದು ಎಂದು ‘ಅತಿ’ಯ ಅರ್ಥ ಬರುವ ಕಡೆ ಠ ಬೇಕು: ಕನಿಷ್ಠ, ಗರಿಷ್ಠ, ಶ್ರೇಷ್ಠ. ನಷ್ಟ, ಇಷ್ಟ, ಸ್ಪಷ್ಟ, ವಿಶಿಷ್ಟಗಳಲ್ಲಿ ಆ ಅರ್ಥವಿಲ್ಲ, ಅಲ್ಲಿ ಟ. ನಿಷ್ಠೆ, ಪ್ರತಿಷ್ಠೆಗಳ ಠ ಮಾತ್ರ ಬೇರೆ ಮೂಲದ್ದು, ಅದು ‘ಸ್ಥಾ’ ಎಂಬ ಧಾತುವಿನಿಂದ ಬಂದದ್ದು.

ಎರಡನೇ ಭಾನುವಾರ ಡಿಟಿಪಿ ಮಾಡುವ ಹುಡುಗ ಬಂದ. ಮೂರು ಪುಟದಲ್ಲಿ ನಾನು ಮಕ್ಕಳ ತಪ್ಪು ಎಂದು ಸುತ್ತು ಹಾಕಿದ್ದ ಎಷ್ಟೋ ಕಡೆ ಮೂಲ ಕೈಬರಹದಲ್ಲಿ ಸರಿಯಾಗಿಯೇ ಇತ್ತು. ಕಾರಣ ಅವನ ಕೀಲಿಮಣೆಯಲ್ಲಿತ್ತು. ನುಡಿ ತಂತ್ರಾಂಶದಲ್ಲಿ ಬಳಸುವುದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಅದರಲ್ಲಿ `l` ಒತ್ತಿದರೆ ಲ, ಶಿಫ್ಟ್ ಹಿಡಿದು `L` ಒತ್ತಿದರೆ ಳ. `n` ನ, `N` ಣ. `d` ದ, `D` ಧ. `u` ಕೊಂಬು, `U` ಕೊಂಬಿನ ಇಳಿ. ‘ಬಳಿ’ಗೆ `bLi` ಎಂದು ಒತ್ತಬೇಕು, ಕಿರುಬೆರಳು ಶಿಫ್ಟ್ ಮೇಲೆ ಸರಿಯಾಗಿ ಕೂರದಿದ್ದರೆ `bli` ಆಗಿ ಮಕ್ಕಳು ಬಲಿಯಾಗುತ್ತಾರೆ. `yArU` ಎಂಬುದು `yAru` ಆದರೆ ಯಾರೂ ಹೋಗಿ ಯಾರು ಆಗುತ್ತದೆ. ಅಂದರೆ ಮಕ್ಕಳಿಗೆ ಗೊಂದಲ ತರುವ ಹ್ರಸ್ವ ದೀರ್ಘ, ಲ ಳ, ನ ಣ, ಅಲ್ಪಪ್ರಾಣ ಮಹಾಪ್ರಾಣ ಎಲ್ಲವೂ ಕೀಲಿಮಣೆಯಲ್ಲಿ ಒಂದೇ ಶಿಫ್ಟ್ ಕೀಲಿಗೆ ನೇತುಬಿದ್ದಿವೆ. ಷ ಮಾತ್ರ `x` ಎಂಬ ಬೇರೆ ಕೀಲಿಯಲ್ಲಿದೆ, ಬೆರಳು ತಪ್ಪಿ ಶ ಹೋಗಿ ಷ ಆಗುವುದು ಕಷ್ಟ. ಕರಡಿನಲ್ಲಿ ‘ಷಾಲೆ’ ಎಂದು ಕಂಡರೆ ಅದು ಯಾರದೋ ತಿಳಿವಳಿಕೆಯ ತಪ್ಪು. ‘ಸಾಲೆ’ ಎಂದು ಕಂಡರೆ ಬೆರಳಿನದೂ ಇರಬಹುದು, ಮೂಲ ನೋಡಿಯೇ ಹೇಳಬೇಕು.

ಹಾಗಾಗಿ ಮುಂದಿನ ಪುಟಗಳನ್ನು ಮೇಷ್ಟ್ರು ಮೂಲ ಹಿಡಿದು ಗಟ್ಟಿಯಾಗಿ ಓದಿದರು, ನಾನು ಕರಡು ಹಿಡಿದು ಕೂತೆ. ಆಮೇಲೆ ಪ್ರತಿ ಪುಟವನ್ನೂ ಒಬ್ಬನೇ ಎರಡು ಸಲ ನೋಡಿದೆ. ಒಮ್ಮೆ ಕೊನೆಯ ಪದದಿಂದ ಮೊದಲ ಪದದ ಕಡೆಗೆ, ಹಿಂದುಮುಂದಾಗಿ. ಹೀಗೆ ಓದಿದರೆ ಅರ್ಥದ ಎಳೆತ ಇರುವುದಿಲ್ಲ, ಕಣ್ಣು ಅಕ್ಷರವನ್ನೇ ನೋಡುತ್ತದೆ. ದನ್ಯವಾದ, ಸಂಭಂದ ಸಿಕ್ಕಿಬೀಳುತ್ತವೆ. ಯಾರು, ಯಾರೂ ಮಾತ್ರ ಹೀಗೆ ಸಿಗುವುದಿಲ್ಲ, ಅವಕ್ಕೆ ವಾಕ್ಯ ಬೇಕು. ಅದಕ್ಕೇ ಎರಡನೇ ಸಲ ನೇರವಾಗಿ, ಬಾಯಿ ಬಿಟ್ಟು.

ಕೆಲವನ್ನು ತಿದ್ದದೆ ಬಿಟ್ಟೆ. ಬೆಳಿಗ್ಗೆ, ಬೆಳಗ್ಗೆ ಎರಡೂ ಬಳಕೆಯಲ್ಲಿವೆ, ಬರೆದವರ ಇಷ್ಟ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕತೆಯಲ್ಲಿ ಅಜ್ಜಿ “ಆಲು ಕುಡ್ದಾ ಮಗಾ?” ಎಂದು ಕೇಳುತ್ತಾಳೆ. ಡಿಟಿಪಿ ಹುಡುಗ ಅದನ್ನು ‘ಹಾಲು’ ಮಾಡಿದ್ದ. ನಾನು ಮತ್ತೆ ‘ಆಲು’ ಮಾಡಿದೆ. ಮಂಡ್ಯದ ಅಜ್ಜಿ ಹಾಗೆಯೇ ಕೇಳುವುದು.

ಈ ವರ್ಷ ಸಂಚಿಕೆ ತರುವ ಮೇಷ್ಟ್ರು ಮೇಡಂಗಳಲ್ಲಿ ಒಂದು ಕೇಳಿಕೆ. ಅಚ್ಚಾದ ಪುಸ್ತಕದಲ್ಲಿ ಮಗುವಿಗೆ ತನ್ನ ತಪ್ಪು ಕಾಣುವುದಿಲ್ಲ, ಯಾರೋ ಅದನ್ನು ಸದ್ದಿಲ್ಲದೆ ಸರಿಮಾಡಿರುತ್ತಾರೆ. ಕೆಲಸ ಮುಗಿದ ಮೇಲೆ ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ತಪ್ಪಿಗೆ ಸುತ್ತು ಹಾಕಿ, ಪಕ್ಕದಲ್ಲಿ ಸರಿ ಬರೆದು, ಬರೆದ ಮಗುವಿನ ಕೈಗೆ ವಾಪಸ್ ಕೊಡಿ.